ಸ್ವಲ್ಪ ಸರೀರಿ

(ಹಾಡುವ ಮೊದಲು, ಮಾತಿನಲ್ಲಿ)

ನನ್ನ ಶ್ರುತಿ ನಿನಗೆ ಗೊತ್ತೇ ಇದೆ. ಬಚ್ಚಲಮನೆ ಬಾಗಿಲು ಹಾಕಿಕೊಂಡು ಹಾಡಿದರೂ ಹೊರಗಿನಿಂದ "ಸಾಕು ರೀ" ಅನ್ನುವವಳು ನೀನು. ಇವತ್ತು ಎಲ್ಲರ ಎದುರಿಗೆ ಕೂರಿಸಿದ್ದೇನೆ, ಎದ್ದು ಹೋಗುವಂತಿಲ್ಲ. ಮದುವೆಯಾಗಿ 20 ವರ್ಷ, 20 ಸಾಲು ಬರೆಯೋಣ ಅಂತ ಕೂತೆ. ಜಾಸ್ತಿ ಆಯಿತು. ಸಂಗೀತದಲ್ಲಿ ನನಗೆ ಬರುವುದು ಸ, ರಿ ಎರಡೇ ಸ್ವರ. ಈ ಹಾಡಿಗೆ ಅಷ್ಟು ಸಾಕು. ಪಲ್ಲವಿಯ ಮೊದಲ ಎರಡು ಪದ ನನ್ನದಲ್ಲ, ನಿನ್ನದು. ನೀನು ನನಗೆ ಹೇಳಿದ ಮೊಟ್ಟಮೊದಲ ಮಾತು ಅದು. ನೆನಪಿದೆ ಅಲ್ವಾ?

(ಪಲ್ಲವಿ)

"ಸ್ವಲ್ಪ ಸರೀರಿ" ಅಂದೆ ನೀನು,
"ಸರಿ" ಅಂತಂದು ಸರಿದೆ ನಾನು.
ಅಂದು ಬಿಟ್ಟ ಗೇಣು ಜಾಗ
ಎಷ್ಟು ಅಗಲ ನೋಡೇ ಈಗ!

2003ರ ಜೂನು, ಬೆಳಗಿನ ಏಳು,
ಕಂಪ್ಯೂಟರ್ ಕ್ಲಾಸು, ನಿದ್ದೆಯ ಗೋಳು.
ಆರು ಮೆಷಿನ್ನು, ಹನ್ನೆರಡು ಜನ,
"ಇಬ್ಬರಿಗೊಂದು" ಅಂದರು ಆ ದಿನ.
ಡಬ್ಬದ ಹಾಗಿನ ಮಾನಿಟರ್ ಮುಂದೆ
ಕಾಲು ಚಾಚಿ ಕೂತಿದ್ದೆ, ನೀ ಬಂದೆ.
ಹೆಸರೂ ಇಲ್ಲ, ನಗುವೂ ಇಲ್ಲ,
ಎರಡೇ ಪದದಲಿ ಮುಗಿಸಿದೆಯಲ್ಲ!

"ಸ್ವಲ್ಪ ಸರೀರಿ" ಅಂದೆ ನೀನು,
"ಸರಿ" ಅಂತಂದು ಸರಿದೆ ನಾನು.

ನಾನು ಕುಟ್ಟುವುದು ಒಂದೇ ಬೆರಳಲಿ,
ಕೋಳಿ ಕಾಳು ಹೆಕ್ಕುವ ಥರದಲಿ.
ನಿನ್ನದು ಹತ್ತೂ ಬೆರಳಿನ ಓಟ,
ಹೆಂಚಿನ ಮೇಲೆ ಹನಿಗಳ ಆಟ.
"ಕೆಳಗೆ ನೋಡಬೇಡಿ" ಅಂದೆ ನೀನು,
"ನೋಡದೆ ಹೇಗ್ರೀ?" ಅಂದೆ ನಾನು.
"F ಮೇಲೊಂದು ಸಣ್ಣ ಗೀರು,
J ಮೇಲೊಂದು ಸಣ್ಣ ಗೀರು,
ತೋರುಬೆರಳನ್ನು ಅಲ್ಲಿಗೆ ತನ್ನಿ,
ದಾರಿ ತಪ್ಪಿದರೆ ಅಲ್ಲಿಗೇ ಬನ್ನಿ."

(ಮಾತು)

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡಬೇಕು. ನೀವೆಲ್ಲ ಅಂದುಕೊಂಡ ಹಾಗೆ ಇವಳು ನನ್ನ ಬೆರಳು ಹಿಡಿದು ತೋರಿಸಲಿಲ್ಲ. ಪೆನ್ಸಿಲಿನ ತುದಿಯಿಂದ ತೋರಿಸಿದಳು. ಪೆನ್ಸಿಲಿನ ಹಿಂಬದಿ ತುಂಬ ಹಲ್ಲಿನ ಗುರುತು. ಕಚ್ಚುವ ಅಭ್ಯಾಸ ಇವತ್ತಿಗೂ ಬಿಟ್ಟಿಲ್ಲ, ಬೇಕಾದರೆ ನಮ್ಮ ಮನೆಯ ಪೆನ್ಸಿಲ್ ನೋಡಿ. ಆ ಗೀರು ಎಷ್ಟು ಸಣ್ಣದು ಅಂದರೆ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಬೆರಳಿಗೇ ಗೊತ್ತಾಗುವುದು.

(ಹಾಡು)

ಆರು ತಿಂಗಳ ಕೋರ್ಸು ಮುಗಿಯಿತು,
ಹೇಳುವ ಮಾತು ಗಂಟಲಲೇ ಉಳಿಯಿತು.
ಫ್ಲಾಪಿಯ ಒಳಗೆ ಬರೆದೆ ಒಂದು ಸಾಲು,
ಕೊಡುವಾಗ ನಡುಗಿತು ಕೈಯೂ ಕಾಲೂ.
ಹೆಸರು sari.txt, ಬೇರೆ ಹೊಳೆಯಲಿಲ್ಲ,
ಎಂಟು ದಿನ ಕಾದೆ, ಊಟ ಸೇರಲಿಲ್ಲ.
ಒಂಬತ್ತನೇ ದಿನ ಬಂದೆ, ಮುಖ ಗಂಟು,
"ಫ್ಲಾಪಿ ತೆರೆಯಲ್ಲ, ಏನಿದರಲಿ ಉಂಟು?
ಕೆಟ್ಟು ಹೋಗಿದೆ, ಬಾಯಲ್ಲೇ ಹೇಳಿ."
ಡಿಸೆಂಬರ್ ಚಳಿಯಲಿ ಬೆವರಿದೆ, ಕೇಳಿ!

ತೊದಲಿ ಹೇಳಿದೆ ಅರ್ಧಂಬರ್ಧ,
ನೀನೇ ಹುಡುಕಿಕೊಂಡೆ ಉಳಿದರ್ಧ.
ನೆಲವನು ನೋಡಿ ಅಂದದ್ದು ಒಂದೇ:
"ಸರಿ." ಅಷ್ಟೇ. ನಾ ತೇಲುತ ಬಂದೆ.

"ಸರಿನಾ?" ಅಂತ ಕೇಳಿದೆ ನಾನು,
"ಸರಿ" ಅಂತಂದು ನಡೆದೆ ನೀನು.
ಅಂದು ಬಿಟ್ಟ ಗೇಣು ಜಾಗ
ಎಷ್ಟು ಅಗಲ ನೋಡೇ ಈಗ!

(ಮಾತು)

1.44 ಎಂಬಿ ಫ್ಲಾಪಿ. ಇವತ್ತು ಫೋನಿನಲ್ಲಿ ತೆಗೆದ ಒಂದು ಫೋಟೋ ಅದರಲ್ಲಿ ಹಿಡಿಸುವುದು ಕಷ್ಟ. ನನ್ನ ಒಂದು ಸಾಲಿಗೆ ಅದರಲ್ಲಿ ಬೇಕಾದಷ್ಟು ಜಾಗ ಇತ್ತು, ಆದರೂ ಅದು ಕೈ ಕೊಟ್ಟಿತು. ಅದು ನಿಜವಾಗಲೂ ಕೆಟ್ಟಿತ್ತೋ, ಇಲ್ಲ ನನ್ನ ಬಾಯಿಂದಲೇ ಕೇಳಬೇಕು ಅಂತ ನೀನು ಹಾಗೆ ಹೇಳಿದೆಯೋ, 20 ವರ್ಷದಿಂದ ಕೇಳುತ್ತಿದ್ದೇನೆ. ಸುಮ್ನೆ ನಗುತ್ತಾಳೆ. ಈಗಲೂ ನೋಡಿ.

(ಹಾಡು)

ಬಾಡಿಗೆ ಮನೆ, ಒಂದೇ ಕೋಣೆ,
ಬಾಗಿಲು ತೆರೆದರೆ ಮಂಚದ ಕೊನೆ.
ಒಬ್ಬರು ನಡೆದರೆ ಒಬ್ಬರು ಕೂರಬೇಕು,
ಬಟ್ಟೆ ಮಡಚಲು ಮಂಚವೇ ಬೇಕು.
ಕನ್ನಡಿ ಮುಂದೆ ದಿನವೂ ಜಗಳ,
ನನ್ನ ತಲೆಗೂದಲು ಆವಾಗ ಬಹಳ!

ಕ್ಲಾಸಿನ ಆ "ರೀ" ಯಾರೋ ಒಬ್ಬನಿಗೆ,
ಮನೆಯ ಈ "ರೀ" ಕಟ್ಟಿಕೊಂಡವನಿಗೆ.
ಅಕ್ಷರ ಅದೇ, ದನಿ ಮಾತ್ರ ಬೇರೆ,
ಸಿಟ್ಟಲಿ "ತಾವು" ಬಂತೋ, ಮುಗಿಯಿತು ದೊರೆ!

ಮಗಳು ಬಂದಳು 2008ರಲ್ಲಿ,
ಮಲಗಿದಳು ನಮ್ಮಿಬ್ಬರ ನಡುವಲ್ಲಿ.
ಮೊಳದುದ್ದ ಕೂಸಿಗೆ ಮುಕ್ಕಾಲು ಹಾಸಿಗೆ,
ಗೋಡೆಗೆ ನೀನು, ಅಂಚಿಗೆ ನಾ, ಹೀಗೆ!

ಸ್ವಲ್ಪ ಸರೀರಿ, ಮಗು ಮಲಗಿದೆ,
ಇನ್ನೂ ಸರೀರಿ, ಕಾಲು ಚಾಚಿದೆ.
ಸರಿದು ಸರಿದು ಬಿದ್ದೆ ಕೆಳಗೆ,
ನಕ್ಕಿದ್ದು ನೀನು ದಿಂಬಿನ ಒಳಗೆ.

(ನಿಧಾನವಾಗಿ)

ಮರುವರ್ಷ ನನ್ನ ಕೆಲಸ ಹೋಯಿತು,
ಗೋಡೆಯ ಗಡಿಯಾರ ಜೋರಾಗಿ ಕೇಳಿತು.
ರಾತ್ರಿ ಹತ್ತಕ್ಕೆ ಮಗು ಮಲಗಿಸಿ ನೀನು
ಯಾರದೋ ಪುಟಗಳ ಟೈಪಿಸಿದ್ದೇನು!
ಹೆಂಚಿನ ಮೇಲಿನ ಅದೇ ಹನಿ ಸದ್ದು,
ಮಲಗಿದವನಂತೆ ನಾ ಮುಸುಕು ಹೊದ್ದು
ಪುಟ ಮುಗಿದದ್ದು ಎಣಿಸುತ್ತಿದ್ದೆ,
ನಿನಗೂ ಗೊತ್ತಿತ್ತು, ನನಗಿಲ್ಲ ನಿದ್ದೆ.
ಏಳು ತಿಂಗಳು ಮನೆ ಆ ಸದ್ದಲೇ ನಡೆಯಿತು,
"ಯಾವಾಗ ಕೆಲಸ?" ನಿನ್ನ ಬಾಯಿಂದ ಬರದೆ ಹೋಯಿತು.

(ಮಾತು)

ಇನ್ನು ಜಗಳದ ಚರಣ. ಅದನ್ನು ಬಿಟ್ಟರೆ ನೀನೇ ಎದ್ದು ಹಾಡುತ್ತೀಯ. 2012. ಸ್ನೇಹಿತನೊಬ್ಬನ ಸಾಲಕ್ಕೆ ಜಾಮೀನು ಹಾಕಿದೆ, ನಿನಗೆ ಹೇಳದೆ. ಅವನು ಕಟ್ಟಲಿಲ್ಲ. ಕಂತು ನನ್ನ ಸಂಬಳಕ್ಕೆ ಬಂತು, ಮೂರು ವರ್ಷ. ದುಡ್ಡಿಗಿಂತ ನಿನಗೆ ನೋವಾಗಿದ್ದು ಕಾಗದ ಬೇರೆಯವರ ಕೈಯಲ್ಲಿ ನೋಡಿದ್ದು. ಹನ್ನೊಂದು ದಿನ ಮಾತಿಲ್ಲ. ನಾಲ್ಕು ವರ್ಷದ ಮಗಳು ನಮ್ಮಿಬ್ಬರ ನಡುವೆ ಅಂಚೆಯವಳಾದಳು. "ಅಮ್ಮ ಕೇಳಿದಳು, ತಾವು ಊಟ ಮಾಡುತ್ತೀರಾ ಅಂತೆ." ಆ "ತಾವು" ಅವಳ ಬಾಯಲ್ಲಿ ಕೇಳಿದಾಗ ಆದ ಭಯ, ಬ್ಯಾಂಕಿನ ನೋಟಿಸು ನೋಡಿದಾಗಲೂ ಆಗಿರಲಿಲ್ಲ.

(ಹಾಡು)

Ctrl+Z ಒತ್ತಿ ನೋಡಿದೆ ಎಷ್ಟೋ ಸಲ,
ಮಾಡಿದ ಸಹಿ ಅಳಿಸಲೇ ಇಲ್ಲ.
ಹನ್ನೆರಡನೇ ದಿನ, ಮೆಟ್ಟಿಲ ಮೇಲೆ
ಒಬ್ಬನೇ ಕೂತಿದ್ದೆ ಸಂಜೆಯ ವೇಳೆ.
ಹಿಂದಿನಿಂದ ಬಂದು ನಿಂತೆ ನೀನು,
"ಸ್ವಲ್ಪ ಸರೀರಿ." ಸರಿದೆ ನಾನು.

(ಇಲ್ಲಿ ತಾಳ ಬೇಡ)

2016. ಆಸ್ಪತ್ರೆ. ನಿನಗೆ ಆಪರೇಷನ್ನು.
ಗಾಜಿನ ಬಾಗಿಲ ಈಚೆಗೆ ನಾನು.
ನಿನ್ನ ಗಾಜಿನ ಬಳೆ ಕರವಸ್ತ್ರದಲಿ ಕಟ್ಟಿ
ಕಿಸೆಯಲ್ಲಿಟ್ಟಿದ್ದೆ, ಆಗಾಗ ಮುಟ್ಟಿ.
ರಾತ್ರಿ ನಿನ್ನ ಪಕ್ಕದ ಬೆಂಚಲಿ ಬೆನ್ನು ನೋಯುತ್ತಿತ್ತು,
ದೀಪ ಆರಿಸಿದರು, ಕತ್ತಲೆ ಸುತ್ತು.
ತಡವುತ್ತ ಹುಡುಕಿದೆ ನಿನ್ನ ಬೆರಳು,
ಉಗುರಿನ ಪಕ್ಕದ ಹಳೇ ಗಾಯದ ಗೀರು.
ಅದು ಸಿಕ್ಕಿತು. ನೀನೂ ಎಚ್ಚರ ಇದ್ದೆ.
ಹೊಲಿಗೆ ಹಾಕಿದ ಹೊಟ್ಟೆ ಹಿಡಿದೆ,
ನೋವು ನುಂಗಿ ಗೋಡೆಯ ಕಡೆಗೆ
ಸರಿದೆ ನೀನೇ, ಕೇಳದೆ, ಮೆಲ್ಲಗೆ.
"ಇಲ್ಲಿ ಜಾಗ ಇದೆ, ಬನ್ನಿ" ಅಂದೆ.

(ಮಾತು)

ಈ ಚರಣ ಒಂದೇ ಸಲಕ್ಕೆ ಹಾಡಿ ಮುಗಿಸಬೇಕು ಅಂತ ಹಟ ಹಿಡಿದು ಅಭ್ಯಾಸ ಮಾಡಿದ್ದೆ. ಆಗಲಿಲ್ಲ. ಸ್ವಲ್ಪ ನೀರು ಕೊಡಿ.

ಬೆಳಿಗ್ಗೆ ನರ್ಸ್ ಬಂದು ಇಬ್ಬರಿಗೂ ಸರಿಯಾಗಿ ಬೈದರು. ರೋಗಿಯ ಮಂಚದ ಮೇಲೆ ಇನ್ನೊಬ್ಬರು ಮಲಗುವಂತಿಲ್ಲ. ಅವರು ಹೇಳಿದ್ದು ನ್ಯಾಯವೇ. ನೀನು ಮಾತ್ರ "ಅವರು ಮಲಗಲಿಲ್ಲ, ಒರಗಿದ್ದರು ಅಷ್ಟೇ" ಅಂತ ವಾದ ಮಾಡಿದೆ. ಅವತ್ತು ಗೊತ್ತಾಯಿತು, ನೀನು ಗುಣ ಆಗುತ್ತೀಯ ಅಂತ.

(ಹಾಡು, ಮತ್ತೆ ಹುರುಪಿನಿಂದ)

2020ರಲಿ ಬಾಗಿಲು ಮುಚ್ಚಿ
ಮೂವರೂ ಮನೆಯಲಿ, ಕೂತೆವು ಬೆಚ್ಚಿ.
ಒಂದೇ ಲ್ಯಾಪ್‌ಟಾಪು, ಮೂರು ಕುರ್ಚಿ,
ಪಾಳಿಯ ಪಟ್ಟಿ ಗೋಡೆಗೆ ಚುಚ್ಚಿ.
ಮಗಳ ಕ್ಲಾಸಿಗೆ ಗಂಟೆ ಒಂಬತ್ತು,
ನನ್ನ ಮೀಟಿಂಗಿಗೂ ಅದೇ ಹೊತ್ತು.
"ಅಪ್ಪಾ, ಸ್ವಲ್ಪ ಸರಿ" ಅಂದಳು ಮಗಳು,
ಅಡುಗೆಮನೆಯಲಿ ನಿನ್ನ ನಗೆಯ ಅಲೆಗಳು!

ಹತ್ತೂ ಬೆರಳಲಿ ಓಡಿಸುತ್ತಾಳೆ,
ನಿನ್ನ ಹಾಗೆಯೇ ಪೆನ್ಸಿಲು ಕಚ್ಚುತ್ತಾಳೆ.
ಬರುವ ವರ್ಷ ಹಾಸ್ಟೆಲ್ಲಿಗೆ ಹೊರಟಳು,
ಮಂಚದ ನಡುವಿನ ಜಾಗ ಬಿಟ್ಟಳು.
ಅಗಲದ ಹಾಸಿಗೆ, ಇಬ್ಬರೇ ನಾವು,
ಅಂಚಲೇ ಮಲಗುವ ರೂಢಿ ಇನ್ನೂ!

ನಿನ್ನ ಕನ್ನಡಕ ನನ್ನ ದಿಂಬಿನಡಿ,
ನನ್ನ ಗೊರಕೆಗೆ ನಿನ್ನ ಮೊಣಕೈ ಗುಡಿ.
(ಗುಡಿ ಅಲ್ಲ, ಗುದ್ದು. ಪ್ರಾಸಕ್ಕೆ ಹಾಗೆ ಬರೆದೆ.)
ಟೈಪಿಂಗಿನಲಿ ಇವತ್ತೂ ನೀನೇ ಮುಂದೆ,
ಎರಡು ಬೆರಳಿಗೆ ನಾನು ಬಡ್ತಿ ಪಡೆದೆ.

"ಸ್ವಲ್ಪ ಸರೀರಿ" ಅಂದೆ ನೀನು,
"ಸರಿ" ಅಂತಂದು ಸರಿದೆ ನಾನು.
ಅಂದು ಬಿಟ್ಟ ಗೇಣು ಜಾಗ
ಎಷ್ಟು ಅಗಲ ನೋಡೇ ಈಗ!

ಎಲ್ಲರೆದುರಿಗೆ ನಿಂತು ಹಾಡಿದೆ,
ಕಾಲು ನೋಯುತಿದೆ, ಗಂಟಲು ಒಡೆದಿದೆ.
ನಿನ್ನ ಸೋಫಾದಲಿ ಒಬ್ಬರ ಜಾಗ,
ಸೀರೆಯ ಸೆರಗು ಹರಡಿದೆ ಈಗ.
ಇಪ್ಪತ್ತು ವರ್ಷ ನೀನೇ ಕೇಳಿದೆ,
ಇವತ್ತು ಒಂದು ಸಲ ನಾನು ಕೇಳುವೆ:

ಸ್ವಲ್ಪ ಸರಿ ಕಣೇ.