ಪಿಸಿಒಎಸ್‌ಗೆ ನಿಮ್ಮ ಊಟದ ಪ್ಲಾನ್

ಪಿಸಿಒಎಸ್, ಅಂದರೆ ಹಾರ್ಮೋನ್ ಏರುಪೇರಿನಿಂದ ಮುಟ್ಟು ತಪ್ಪುವ ಸಮಸ್ಯೆ, ಇದೆ ಅಂತ ನೀವು ಅನ್ನ ಬಿಡಬೇಕಾಗಿಲ್ಲ. ಮೊದಲು ಇದನ್ನೇ ಹೇಳಿಬಿಡುತ್ತೇನೆ, ಯಾಕಂದ್ರೆ ನಿಮ್ಮ ಭಯವೆಲ್ಲ ಅದರದ್ದೇ ಆಗಿತ್ತು. ಯಾವ ಅನ್ನ, ಎಷ್ಟು, ಯಾವುದರ ಜೊತೆ ಅನ್ನೋದು ಮುಖ್ಯ.

ಬೆಳಿಗ್ಗೆ: ಬರೀ ಇಡ್ಲಿ-ಚಟ್ನಿ ಸಾಲದು. ಎರಡು ಹೆಸರುಕಾಳಿನ ದೋಸೆ, ಎರಡು ಬೇಯಿಸಿದ ಮೊಟ್ಟೆ. ಕಾಫಿಗೆ ಸಕ್ಕರೆ ಬೇಡ, ಬೆಲ್ಲವೂ ಬೇಡ. ರಕ್ತದ ಸಕ್ಕರೆಗೆ ಎರಡೂ ಹೆಚ್ಚುಕಡಿಮೆ ಒಂದೇ.

ಮಧ್ಯಾಹ್ನ: ಮೊದಲು ಕೋಸಂಬರಿ, ಪಲ್ಯ. ಆಮೇಲೆ ಒಂದು ಸಣ್ಣ ಮುದ್ದೆ ಅಥವಾ ಒಂದು ಬಟ್ಟಲು ಅನ್ನ, ಎರಡೂ ಅಲ್ಲ. ಮೊಳಕೆಕಾಳಿನ ಸಾರು ಗಟ್ಟಿಯಾಗಿರಲಿ, ಮೊಸರೂ ಇರಲಿ. ತರಕಾರಿ, ಕಾಳು ಮೊದಲು ಹೊಟ್ಟೆಗೆ ಹೋದರೆ ಸಕ್ಕರೆ ನಿಧಾನವಾಗಿ ಏರುತ್ತದೆ. ರಾಗಿ ಒಳ್ಳೆಯದೇ, ಆದರೆ ಅದೂ ಪಿಷ್ಟವೇ. ಗಂಜಿ ಮಾಡಿ ಕುಡಿದರೆ ಬೇಗ ಸಕ್ಕರೆಯಾಗುತ್ತದೆ.

ಸಂಜೆ ಹಸಿವಾದರೆ ಹುರಿಗಡಲೆ ಒಂದು ಹಿಡಿ.

ಸೋಮ, ಬುಧ, ಶುಕ್ರ 40 ನಿಮಿಷ ಭಾರ ಎತ್ತುವ ವ್ಯಾಯಾಮ: ಸ್ಕ್ವಾಟ್, ಡೆಡ್‌ಲಿಫ್ಟ್, ರೋ, ಪುಷ್-ಅಪ್. ದಯವಿಟ್ಟು ಇದನ್ನು ತಪ್ಪಿಸಬೇಡಿ. ಕೆಲಸ ಮಾಡುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ಆಮೇಲೂ ಒಂದೆರಡು ದಿನ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೇ ಆ ರಾತ್ರಿಗಳಲ್ಲಿ ಎರಡು ಚಪಾತಿ, 100 ಗ್ರಾಂ ಪನೀರ್. ಉಳಿದ ರಾತ್ರಿ ಒಂದು ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ದಾಲ್.

ನಿಮ್ಮ 68 ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 75 ಗ್ರಾಂ ಪ್ರೋಟೀನ್ ನಮ್ಮ ಗುರಿ. ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಲು ಕೊಟ್ಟಿರುವ ಮೆಟ್‌ಫಾರ್ಮಿನ್ ಮಾತ್ರೆ ಊಟದ ಜೊತೆಗೇ ತಗೊಳ್ಳಿ. ಮುಟ್ಟಿನ ತಾರೀಖು ಬರೆದಿಡಿ, 12 ವಾರದ ನಂತರ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆಯ ವರದಿಯ ಜೊತೆ ತನ್ನಿ.