ವಿಷಯ: ದಾಸ್ತಾನು–ಲೆಕ್ಕ ಸಹಾಯಕಿ ಹುದ್ದೆ, ಕುಮಟಾ: ನಿಮ್ಮ ಮಂಗಳವಾರದ ಮೇಲ್‌ಗೆ ಉತ್ತರ

ನಮಸ್ಕಾರ ಮೇಡಂ,

ಹುದ್ದೆಗೆ ಬೇರೆಯವರು ಆಯ್ಕೆಯಾದದ್ದನ್ನು ತಡಮಾಡದೆ ತಿಳಿಸಿದಿರಿ, ಧನ್ಯವಾದಗಳು. ಸಂದರ್ಶನದ ದಿನ ಒಣಗಿಸುವ ಅಂಗಳದಿಂದ ಗ್ರೇಡಿಂಗ್ ಕೋಣೆಯವರೆಗೆ ನಿಮ್ಮ ಗೇರುಬೀಜ ಕಾರ್ಖಾನೆ ತೋರಿಸಿ, ಪ್ರತಿ ಹಂತದಲ್ಲಿ ಯಾವ ರಿಜಿಸ್ಟರ್ ಬರೆಯುತ್ತೀರೆಂದು ವಿವರಿಸಿದಿರಿ. ಇಲ್ಲಿ ಕೆಲಸ ಮಾಡಬೇಕೆಂಬ ಆಸೆ ಅದರಿಂದ ಹೆಚ್ಚೇ ಆಗಿದೆ.

ನಿಮ್ಮ ತೀರ್ಮಾನವನ್ನು ಮರುಪರಿಶೀಲಿಸಿ ಎಂದು ಕೇಳಲು ಬರೆಯುತ್ತಿಲ್ಲ. ಮುಂದಿನ ಸಲಕ್ಕೆ ಏನು ಕಲಿತು ಬರಬೇಕೆಂದು ತಿಳಿದರೆ ದೊಡ್ಡ ಉಪಕಾರವಾಗುತ್ತದೆ. ಮುಖ್ಯವಾಗಿ ಎರಡು ವಿಷಯ:

ಪರೀಕ್ಷೆಯಲ್ಲಿ ಕೊಟ್ಟ ದಾಸ್ತಾನು ಲೆಕ್ಕದಲ್ಲಿ ಖರೀದಿ ತೂಕ, ಒಣಗಿಸಿದ ಮೇಲಿನ ತೂಕ, ಸುಲಿದ ತಿರುಳಿನ ತೂಕ ಮೂರನ್ನೂ ಬೇರೆ ಬೇರೆ ಕಾಲಂನಲ್ಲಿ ಹಾಕಿದ್ದೆ. ಒಂದೇ ಕಾಲಂನಲ್ಲಿ ಕಳೆದರೆ ನೀರಿನಂಶ ಆರಿ ಇಳಿದ ತೂಕವೂ ಮಾಲು ಕಡಿಮೆ ಬಿದ್ದಂತೆ ಕಾಣುತ್ತದೆ ಎಂಬುದು ಕಾರಣ. ನಿಮ್ಮಲ್ಲಿ ಲೆಕ್ಕವನ್ನು ಚೀಲದ ಲಾಟ್‌ವಾರು ಇಡುತ್ತೀರಾ, ದಿನವಾರು ಇಡುತ್ತೀರಾ? ನನ್ನ ಕ್ರಮ ಅದಕ್ಕೆ ಹೊಂದಲಿಲ್ಲವೇ?

ರೈತರಿಂದ ನೇರ ಕೊಂಡ ಸಿಪ್ಪೆಸಹಿತ ಗೇರುಬೀಜಕ್ಕೆ ರಿವರ್ಸ್ ಚಾರ್ಜ್‌ನಲ್ಲಿ ನಾವೇ ಇನ್‌ವಾಯ್ಸ್ ಮಾಡಿ, ತೆರಿಗೆಯನ್ನು ನಗದು ಲೆಡ್ಜರ್‌ನಿಂದ ಕಟ್ಟಿ, ಆಮೇಲೆ ಕ್ರೆಡಿಟ್ ಪಡೆಯಬೇಕೆಂದು ಬರೆದಿದ್ದೆ. ಟ್ಯಾಲಿಯಲ್ಲಿ ಅದರ ಎಂಟ್ರಿ ಹಾಕುವಾಗ ನಾನು ತೆಗೆದುಕೊಂಡ ಸಮಯ ನಿಮಗೆ ಹೆಚ್ಚೆನಿಸಿತೇ? ಅಥವಾ ಕಾರ್ಖಾನೆಯ ಲೆಕ್ಕದಲ್ಲಿ ಅನುಭವವಿಲ್ಲದ್ದೇ ಮುಖ್ಯ ಕಾರಣವೇ? ನನ್ನ 2 ವರ್ಷದ ಕೆಲಸವೆಲ್ಲ ಹಾರ್ಡ್‌ವೇರ್ ಅಂಗಡಿಯದು.

ಎರಡು ಸಾಲಿನ ಉತ್ತರವಾದರೂ ಸಾಕು. ಬರೆಯಲು ಪುರುಸೊತ್ತಿಲ್ಲದಿದ್ದರೆ ಸಂಜೆ 5ರ ನಂತರ ಅರ್ಜಿಯಲ್ಲಿರುವ ನಂಬರಿಗೆ ಕರೆ ಮಾಡಬಹುದು. ಅಭ್ಯರ್ಥಿಗಳಿಗೆ ಕಾರಣ ತಿಳಿಸುವ ಪದ್ಧತಿ ನಿಮ್ಮಲ್ಲಿ ಇಲ್ಲವೆಂದರೆ ಅದೂ ಅರ್ಥವಾಗುತ್ತದೆ, ದಯವಿಟ್ಟು ಸಂಕೋಚಪಡಬೇಡಿ.

ಮುಂದಿನ ಅವಕಾಶಗಳಿಗೆ ಹೆಸರು ಇಟ್ಟುಕೊಳ್ಳಬಹುದೇ ಎಂದು ಮೇಲ್‌ನಲ್ಲಿ ಕೇಳಿದ್ದಿರಿ. ಖಂಡಿತ ಇಟ್ಟುಕೊಳ್ಳಿ, ನನ್ನ ಪೂರ್ಣ ಒಪ್ಪಿಗೆ ಇದೆ. ಲೆಕ್ಕ ವಿಭಾಗಕ್ಕಷ್ಟೇ ಅಲ್ಲ, ಖರೀದಿ ಕೌಂಟರ್, ಗೋದಾಮು, ಡಿಸ್ಪ್ಯಾಚ್ ಕೆಲಸಕ್ಕೂ ನನ್ನನ್ನು ಪರಿಗಣಿಸಬಹುದು. ಮಾರ್ಚ್‌ನಿಂದ ಮೇವರೆಗೆ ಗೇರುಬೀಜದ ಸುಗ್ಗಿಯಲ್ಲಿ ತೂಕ ಮತ್ತು ಬಿಲ್ಲಿಂಗ್‌ಗೆ ತಾತ್ಕಾಲಿಕವಾಗಿ ಜನ ಬೇಕಾದರೂ ಬರುತ್ತೇನೆ. ಈಗಿನ ಕೆಲಸದಲ್ಲಿ 30 ದಿನದ ನೋಟಿಸ್ ಕೊಡಬೇಕಾಗುವುದರಿಂದ ಫೆಬ್ರವರಿ ಮೊದಲ ವಾರ ತಿಳಿಸಿದರೆ ಸುಗ್ಗಿ ಶುರುವಾಗುವ ಹೊತ್ತಿಗೆ ಬಿಡುವಾಗಿರುತ್ತೇನೆ. ಅಂಕೋಲಾದಿಂದ ಕುಮಟಾಕ್ಕೆ ದಿನಾ ಬಸ್ಸಿನಲ್ಲಿ ಓಡಾಡಲು ತೊಂದರೆಯಿಲ್ಲ.

ಸಂದರ್ಶನದ ನಂತರ ಮುಗಿಸಿದ ಜಿಎಸ್‌ಟಿ ತರಬೇತಿಯನ್ನು ಸೇರಿಸಿದ ಹೊಸ ಬಯೋಡೇಟಾ ಪಿಡಿಎಫ್‌ನಲ್ಲಿ ಲಗತ್ತಿಸಿದ್ದೇನೆ. ಹಳೆಯದರ ಬದಲು ಇದನ್ನೇ ಫೈಲಿನಲ್ಲಿಡಿ. ನಂಬರ್ ಅಥವಾ ಕೆಲಸ ಬದಲಾದರೆ ಇದೇ ಮೇಲ್‌ಗೆ ಉತ್ತರವಾಗಿ ತಿಳಿಸುತ್ತೇನೆ, ಹಿಂದಿನ ಮಾತುಕತೆಯೆಲ್ಲ ಒಂದೇ ಕಡೆ ಸಿಗುತ್ತದೆ.

ಪರೀಕ್ಷೆ ನಡೆಸಿದ ಅಕೌಂಟೆಂಟ್ ಸರ್ ಅವರಿಗೂ ನನ್ನ ನಮಸ್ಕಾರ ತಿಳಿಸಿ.

ವಂದನೆಗಳೊಂದಿಗೆ,
ಸುಮಾ
ಅಂಕೋಲಾ
ಲಗತ್ತು: ಬಯೋಡೇಟಾ