ಏಳನೇ ತರಗತಿಯ ಗಣಿತ ಪಾಠ: ಮಕ್ಕಳ ಪ್ರಶ್ನಾವಳಿ ಮತ್ತು ನಡೆಸುವವರಿಗೆ ಟಿಪ್ಪಣಿ

ನಡೆಸಿಕೊಡುವ ಸಹೋದ್ಯೋಗಿಯ ಗಮನಕ್ಕೆ

ಗದಗ ತಾಲ್ಲೂಕಿನ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಏಳನೇ ತರಗತಿಯಲ್ಲಿ 36 ಮಕ್ಕಳಿದ್ದಾರೆ. ಗಣಿತ ಪಾಠದಲ್ಲಿ ತಿಳಿಯದೆ ಹೋದದ್ದನ್ನು ಅವರು ಯಾರ ಬಳಿ ಕೇಳುತ್ತಾರೆ, ಕೇಳದಿದ್ದರೆ ಅದಕ್ಕೆ ಕಾರಣವೇನು ಎಂಬುದನ್ನು ಅರಿಯಲು ನಾನು ಕೈಗೊಂಡಿರುವ ಕ್ರಿಯಾ ಸಂಶೋಧನೆಗೆ ಈ ಪ್ರಶ್ನಾವಳಿಯನ್ನು ಸಿದ್ಧಪಡಿಸಿದ್ದೇನೆ. ಆ ತರಗತಿಗೆ ಗಣಿತ ಕಲಿಸುವವನು ನಾನೇ ಆಗಿರುವುದರಿಂದ, ಹಾಳೆ ತುಂಬುವಾಗ ನಾನು ಎದುರಿಗಿದ್ದರೆ ಮಕ್ಕಳು ನನಗೆ ಹಿತವಾಗುವ ಉತ್ತರವನ್ನೇ ಗುರುತಿಸುವರು. ಆದ್ದರಿಂದ ಆ ಮಕ್ಕಳಿಗೆ ಪಾಠ ಮಾಡದ ನೀವು ಇದನ್ನು ನಡೆಸಿಕೊಡಬೇಕೆಂದು ಕೋರುತ್ತೇನೆ. ಆ ಹೊತ್ತಿನಲ್ಲಿ ನಾನು ಆಫೀಸ್ ಕೋಣೆಯಲ್ಲಿರುತ್ತೇನೆ.

ಸೋಮವಾರದ ಎರಡನೇ ಪಿರಿಯಡ್ ಸೂಕ್ತ, ಏಕೆಂದರೆ ಕಳೆದ ವಾರದ ನೆನಪು ಆಗ ಇನ್ನೂ ಹಸಿಯಾಗಿರುತ್ತದೆ. ಬಿಸಿಯೂಟದ ನಂತರದ ಪಿರಿಯಡ್ ಬೇಡ. ಹೆಸರು ಬಿಡಿಸುವ ಹಂಗಾಮಿನಲ್ಲಿ ಎಷ್ಟೋ ಮಕ್ಕಳು ಹೊಲಕ್ಕೆ ಹೋಗುವುದರಿಂದ, ಅದು ಮುಗಿದು ಹಾಜರಾತಿ ಸರಿಯಾದ ಮೇಲೆಯೇ ದಿನ ಗೊತ್ತುಮಾಡಿದ್ದೇನೆ. ಮುಖ್ಯ ಶಿಕ್ಷಕರ ಅನುಮತಿ ಮತ್ತು ಪಾಲಕರ ಒಪ್ಪಿಗೆ ಪತ್ರಗಳು ಬಂದಿವೆ. ಓದಲು ಬಾರದ ಪಾಲಕರಿಗೆ ಪತ್ರವನ್ನು ಓದಿ ಹೇಳಲಾಗಿದೆ. ಆದರೂ ಯಾವುದೇ ಮಗು ಬೇಡವೆಂದರೆ ಕಾರಣ ಕೇಳದೆ ಬಿಟ್ಟುಬಿಡಿ.

ಮಕ್ಕಳಿಗೆ ಓದಿ ಹೇಳಬೇಕಾದ ಮಾತು

ಮಕ್ಕಳೇ, ಇದು ಪರೀಕ್ಷೆಯಲ್ಲ, ಇದಕ್ಕೆ ಅಂಕಗಳಿಲ್ಲ. ಇಲ್ಲಿ ಸರಿ ಉತ್ತರ, ತಪ್ಪು ಉತ್ತರ ಎಂಬುದೂ ಇಲ್ಲ. ಗಣಿತ ಪಾಠದಲ್ಲಿ ನಿಮಗೆ ಏನಾಗುತ್ತದೆ ಎಂಬುದನ್ನು ತಿಳಿಯಬೇಕಾಗಿದೆ. ಹಾಳೆಯ ಮೇಲೆ ಹೆಸರನ್ನಾಗಲಿ, ಹಾಜರಿ ನಂಬರನ್ನಾಗಲಿ ಬರೆಯಬೇಡಿ. ನಾನು ಒಂದೊಂದೇ ಪ್ರಶ್ನೆಯನ್ನು ಎರಡು ಸಲ ಓದುತ್ತೇನೆ, ನಿಮಗೆ ಹೊಂದುವ ಉತ್ತರದ ಮುಂದೆ ಸರಿ ಗುರುತು ಹಾಕಿ. ಯಾವ ಪ್ರಶ್ನೆಗಾದರೂ ಉತ್ತರಿಸಲು ಮನಸ್ಸಿಲ್ಲದಿದ್ದರೆ ಹಾಗೆಯೇ ಬಿಡಬಹುದು.

ಪ್ರಶ್ನಾವಳಿ

ಭಾಗ 1: ಕಳೆದ ವಾರ

1. ಕಳೆದ ವಾರ, ಸೋಮವಾರದಿಂದ ಶನಿವಾರದವರೆಗೆ, ನೀನು ಎಷ್ಟು ದಿನ ಶಾಲೆಗೆ ಬಂದಿದ್ದೆ?
6 ದಿನ / 4 ಅಥವಾ 5 ದಿನ / 1ರಿಂದ 3 ದಿನ / ಒಂದು ದಿನವೂ ಬಂದಿರಲಿಲ್ಲ

2. ಕಳೆದ ವಾರದ ಗಣಿತ ಪಾಠದಲ್ಲಿ ನಿನಗೆ ತಿಳಿಯದೆ ಹೋದದ್ದು ಏನಾದರೂ ಇತ್ತೇ, ಇರಲಿಲ್ಲವೇ?
ಇತ್ತು / ಇರಲಿಲ್ಲ / ನೆನಪಿಲ್ಲ / ಈ ಪ್ರಶ್ನೆ ನನಗೆ ಹೊಂದುವುದಿಲ್ಲ

3. ತಿಳಿಯದೆ ಹೋದದ್ದನ್ನು ಕಳೆದ ವಾರ ತರಗತಿಯಲ್ಲಿ ಸರ್ ಅವರನ್ನು ಎಷ್ಟು ಸಲ ಕೇಳಿದೆ?
ಒಂದು ಸಲವೂ ಕೇಳಲಿಲ್ಲ / 1 ಸಲ / 2 ಅಥವಾ 3 ಸಲ / 4 ಅಥವಾ ಹೆಚ್ಚು ಸಲ / ನೆನಪಿಲ್ಲ / ಈ ಪ್ರಶ್ನೆ ನನಗೆ ಹೊಂದುವುದಿಲ್ಲ

4. ಅದನ್ನು ತಿಳಿದುಕೊಳ್ಳಲು ಬೇರೆ ಏನು ಮಾಡಿದೆ? (ಒಂದಕ್ಕಿಂತ ಹೆಚ್ಚು ಗುರುತು ಹಾಕಬಹುದು.)
ಗೆಳೆಯ ಅಥವಾ ಗೆಳತಿಯನ್ನು ಕೇಳಿದೆ / ಮನೆಯವರನ್ನು ಕೇಳಿದೆ / ಟ್ಯೂಷನ್‌ನಲ್ಲಿ ಕೇಳಿದೆ / ಪುಸ್ತಕವನ್ನು ಮತ್ತೆ ಓದಿದೆ / ಮೊಬೈಲ್‌ನಲ್ಲಿ ನೋಡಿದೆ / ಬೇರೆ ಏನೋ ಮಾಡಿದೆ / ಏನೂ ಮಾಡಲಿಲ್ಲ / ಈ ಪ್ರಶ್ನೆ ನನಗೆ ಹೊಂದುವುದಿಲ್ಲ

ಭಾಗ 2: ಈ ಮಾತು ನಿನಗೆ ಎಷ್ಟು ಹೊಂದುತ್ತದೆ?

ಪ್ರತಿ ಮಾತಿಗೂ ನಾಲ್ಕು ಉತ್ತರಗಳಿವೆ: ಪೂರ್ತಿ ಹೊಂದುತ್ತದೆ / ಸ್ವಲ್ಪ ಹೊಂದುತ್ತದೆ / ಅಷ್ಟಾಗಿ ಹೊಂದುವುದಿಲ್ಲ / ಸ್ವಲ್ಪವೂ ಹೊಂದುವುದಿಲ್ಲ

5. ನಾನು ಕೈ ಎತ್ತಿದಾಗ ಸರ್ ನನಗೆ ಮಾತಾಡಲು ಅವಕಾಶ ಕೊಡುತ್ತಾರೆ.
6. ಪ್ರಶ್ನೆ ಕೇಳಿದರೆ ತರಗತಿಯಲ್ಲಿ ಯಾರಾದರೂ ನಗುತ್ತಾರೆ ಎಂದು ನನಗೆ ಅನ್ನಿಸುತ್ತದೆ.
7. ಸರ್ ಹಲಗೆಯ ಮೇಲೆ ಲೆಕ್ಕ ಬಿಡಿಸುವ ವೇಗ ನನಗೆ ಸರಿಹೋಗುತ್ತದೆ.
8. ತಿಳಿಯದೆ ಹೋದದ್ದನ್ನು ಮಾತಿನಲ್ಲಿ ಹೇಳುವುದು ನನಗೆ ಕಷ್ಟವಾಗುತ್ತದೆ.

ಭಾಗ 3: ನಿನಗೆ ಬೇಕಾದ ರೀತಿ

9. ತಿಳಿಯದೆ ಹೋದದ್ದನ್ನು ಕೇಳಲು ನಿನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗುವ ರೀತಿ ಯಾವುದು? (ಒಂದಕ್ಕೆ ಮಾತ್ರ ಗುರುತು ಹಾಕು.)
ಎದ್ದು ನಿಂತು ಕೇಳುವುದು / ಸರ್ ನನ್ನ ಹತ್ತಿರ ಬಂದಾಗ ಕೇಳುವುದು / ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುವುದು / ಗುಂಪಿನಲ್ಲಿ ಕುಳಿತು ಕೇಳುವುದು / ಬೇರೆ ರೀತಿ / ಕೇಳಲು ಇಷ್ಟವಿಲ್ಲ

10. ಗಣಿತ ಪಾಠದ ಬಗ್ಗೆ ಇನ್ನೇನಾದರೂ ಹೇಳಬೇಕೆನಿಸಿದರೆ ಹಾಳೆಯ ಹಿಂಬದಿಯಲ್ಲಿ ಬರೆ. ಕಾಗುಣಿತ ತಪ್ಪಾದರೂ ಚಿಂತೆಯಿಲ್ಲ.

ಪ್ರಶ್ನೆಗಳನ್ನು ಹೀಗೆ ರೂಪಿಸಿದ್ದಕ್ಕೆ ಕಾರಣಗಳು

ಮೊದಲ ಕರಡನ್ನು ಬೇರೊಂದು ಶಾಲೆಯ ಐವರು ಏಳನೇ ತರಗತಿಯ ಮಕ್ಕಳ ಜೊತೆ ಕುಳಿತು ಓದಿಸಿ ನೋಡಿದೆ. ಅದರಲ್ಲಿ “ಸಂದೇಹ ಉದ್ಭವಿಸಿದಾಗ ನೀವು ನಿಸ್ಸಂಕೋಚವಾಗಿ ಪ್ರಶ್ನಿಸುತ್ತೀರಲ್ಲವೇ?” ಎಂಬ ಪ್ರಶ್ನೆಯಿತ್ತು. “ಸರ್ರ, ಸಂದೇಹ ಅಂದ್ರ ಡೌಟ್ ಏನ್ರಿ?” ಎಂದು ಒಬ್ಬ ಹುಡುಗ ಕೇಳಿದ. ಉಳಿದ ನಾಲ್ವರು ಕೇಳದೆಯೇ “ಹೌದು” ಎಂದು ಗುರುತು ಹಾಕಿದ್ದರು. ನಾನು ಅಳೆಯಲು ಹೊರಟಿದ್ದ ಹಿಂಜರಿಕೆಯೇ ಅಲ್ಲಿ ನನ್ನ ಕಣ್ಣೆದುರು ಕುಳಿತಿತ್ತು. ಆ ವಾಕ್ಯದಲ್ಲಿ ಪದವಷ್ಟೇ ಭಾರವಾಗಿರಲಿಲ್ಲ, ಕೊನೆಯ “ಅಲ್ಲವೇ” ಎಂಬುದು ಉತ್ತರವನ್ನು ಮಗುವಿನ ಬಾಯಿಗೆ ತುರುಕುತ್ತಿತ್ತು. “ನೀವು” ಎಂಬುದನ್ನು ಇಬ್ಬರು ಇಡೀ ತರಗತಿ ಎಂದು ತಿಳಿದು ಎಲ್ಲರ ಪರವಾಗಿ ಉತ್ತರಿಸಿದ್ದರು. ಆದ್ದರಿಂದ ಓದಿ ಹೇಳುವ ಮಾತಿನಲ್ಲಿ ಬಹುವಚನವನ್ನು ಉಳಿಸಿಕೊಂಡು, ಪ್ರಶ್ನೆಗಳಲ್ಲಿ “ನೀನು” ಎಂದೇ ಬರೆದಿದ್ದೇನೆ. ಗೌರವ ಕಡಿಮೆಯಾಯಿತೆಂದು ಯಾರಾದರೂ ಆಕ್ಷೇಪಿಸಬಹುದು, ಆದರೆ ಪ್ರಶ್ನೆ ಒಂದೇ ಮಗುವಿಗೆ ತಲುಪುವುದು ಹೆಚ್ಚು ಮುಖ್ಯವೆಂದು ನನ್ನ ಅಭಿಪ್ರಾಯ.

“ಯಾವಾಗಲೂ”, “ಕೆಲವೊಮ್ಮೆ” ಎಂಬ ಉತ್ತರಗಳಿಗೆ ಬದಲಾಗಿ ಮೂರನೇ ಪ್ರಶ್ನೆಯಲ್ಲಿ ಎಣಿಕೆಯನ್ನಿಟ್ಟಿದ್ದೇನೆ, ಏಕೆಂದರೆ ಒಬ್ಬರ “ಕೆಲವೊಮ್ಮೆ” ವಾರಕ್ಕೆ ಮೂರು ಸಲವಾದರೆ ಇನ್ನೊಬ್ಬರದು ವರ್ಷಕ್ಕೆ ಮೂರು ಸಲ. “ಸರ್ ನಿಧಾನವಾಗಿ ಮತ್ತು ಸ್ಪಷ್ಟವಾಗಿ ಹೇಳಿಕೊಡುತ್ತಾರೆ” ಎಂಬ ಹಳೆಯ ವಾಕ್ಯದಲ್ಲಿ ಎರಡು ವಿಷಯಗಳು ಬೆರೆತಿದ್ದವು, ಈಗ ವೇಗವನ್ನು ಮಾತ್ರ ಕೇಳಿದ್ದೇನೆ. ಭಾಗ 2ರಲ್ಲಿ 5 ಮತ್ತು 7 ಅನುಕೂಲವನ್ನೂ 6 ಮತ್ತು 8 ತೊಡಕನ್ನೂ ಹೇಳುವುದರಿಂದ, ಓದದೆ ಒಂದೇ ಸಾಲಿನಲ್ಲಿ ಗುರುತು ಹಾಕಿದ ಹಾಳೆ ಎದ್ದು ಕಾಣುತ್ತದೆ. ಲೆಕ್ಕ ಹಾಕುವಾಗ 6 ಮತ್ತು 8ರ ಅಂಕಗಳನ್ನು ತಿರುಗಿಸಬೇಕು. ಅಮೆರಿಕದ ಮನೋವಿಜ್ಞಾನಿ ಲಿಕರ್ಟ್ 1932ರಲ್ಲಿ ಮುಂದಿಟ್ಟ ಐದು ಹಂತಗಳ ಮಾಪನದಲ್ಲಿ ನಡುವಿನ ಹಂತವೊಂದಿದೆ. ಕರಡಿನಲ್ಲಿ ಅರ್ಥವಾಗದ ಮಾತಿಗೂ ಮಕ್ಕಳು ಅದನ್ನೇ ಆಶ್ರಯಿಸಿದ್ದರಿಂದ ಅದನ್ನು ಕೈಬಿಟ್ಟಿದ್ದೇನೆ. ನಿಜವಾಗಿಯೂ ನಡುವೆ ನಿಂತ ಮಗುವನ್ನು ಇದು ಒಂದು ಕಡೆಗೆ ತಳ್ಳುತ್ತದೆ ಎಂಬ ಕೊರತೆಯನ್ನು ವರದಿಯಲ್ಲಿ ಬರೆಯುತ್ತೇನೆ.

ಎರಡನೇ ಪ್ರಶ್ನೆಯ ಜೊತೆಗಿದ್ದ “ಇಲ್ಲವೆಂದರೆ ಐದನೇ ಪ್ರಶ್ನೆಗೆ ಹೋಗು” ಎಂಬ ಸೂಚನೆಯನ್ನು ತೆಗೆದಿದ್ದೇನೆ. ಒತ್ತಾಗಿ ಕುಳಿತ ತರಗತಿಯಲ್ಲಿ ಯಾರ ಪೆನ್ನು ಸುಮ್ಮನಿದೆ ಎಂಬುದು ಪಕ್ಕದವರಿಗೆ ಕಾಣುತ್ತದೆ. “ನನಗೆ ಹೊಂದುವುದಿಲ್ಲ” ಎಂಬ ಉತ್ತರವಿದ್ದರೆ ಎಲ್ಲರೂ ಪ್ರತಿ ಪ್ರಶ್ನೆಗೂ ಗುರುತು ಹಾಕಬಹುದು. ತಾಂಡಾದಿಂದ ಬರುವ ಮಕ್ಕಳು, ಮನೆಯಲ್ಲಿ ಉರ್ದು ಆಡುವ ಮಕ್ಕಳು ನಮ್ಮಲ್ಲಿದ್ದಾರೆ. ಆದರೆ ಮನೆಮಾತು, ಜಾತಿ, ಹುಡುಗ ಅಥವಾ ಹುಡುಗಿ ಎಂಬ ವಿವರಗಳನ್ನು ಕೇಳಿಲ್ಲ, ಏಕೆಂದರೆ 36 ಜನರಲ್ಲಿ ಇಂತಹ ಎರಡು ವಿವರಗಳು ಸೇರಿದರೆ ಮಗು ಯಾರೆಂದು ಗೊತ್ತಾಗಿಬಿಡುತ್ತದೆ.

ತುಂಬಿದ ಹಾಳೆಗಳನ್ನು ಮಕ್ಕಳೇ ಮಡಚಿ ಬಾಗಿಲ ಬಳಿಯ ಪೆಟ್ಟಿಗೆಗೆ ಹಾಕಲಿ, ಸಾಲಿನಿಂದ ಸಾಲಿಗೆ ಕೈಯಿಂದ ಕೈಗೆ ಸಾಗಿಸಬೇಡಿ. ಪದದ ಅರ್ಥ ಕೇಳಿದರೆ ಹೇಳಿ, ಉದಾಹರಣೆ ಕೊಡಬೇಡಿ. ಯಾವ ಪದವನ್ನು ಕೇಳಿದರೆಂದು ಗುರುತು ಮಾಡಿಕೊಳ್ಳಿ. ಇವರೆಲ್ಲರ ಕೈಬರಹ ನನಗೆ ಪರಿಚಿತವಾದ್ದರಿಂದ, ಹತ್ತನೇ ಪ್ರಶ್ನೆಯ ಉತ್ತರಗಳನ್ನು ನೀವೇ ಬೇರೆ ಹಾಳೆಗೆ ಇಳಿಸಿ, ಹಾಗೆಯೇ ಉಳಿದ ಗುರುತುಗಳನ್ನು ಎಣಿಸಿ, ಮೂಲ ಹಾಳೆಗಳನ್ನು ಮುಖ್ಯ ಶಿಕ್ಷಕರ ಕಪಾಟಿನಲ್ಲಿಡಿಸಿ. ನನಗೆ ಪ್ರತಿಯನ್ನು ಮಾತ್ರ ಕೊಡಿ.